ಒಂದೇ ಶ್ರುತಿ, ಬೇರೆ ಬೇರೆ ದನಿ

ತಂದೆ ಮತ್ತು ಮಗಳು ಒಂದೇ ಶ್ರುತಿಗೆ ಸೇರಿಸಿ ‘ಆ’ ಎಂದು ಎಳೆಯುತ್ತಿದ್ದಾರೆ ಎಂದುಕೊಳ್ಳಿ. ಇಬ್ಬರದೂ ಒಂದೇ ಸ್ವರ, ಕೂದಲೆಳೆಯಷ್ಟೂ ವ್ಯತ್ಯಾಸವಿಲ್ಲ. ಆದರೂ ಯಾವ ದನಿ ಯಾರದು ಎಂದು ಪಕ್ಕದ ಕೋಣೆಯಲ್ಲಿರುವವರಿಗೂ ತಿಳಿದುಬಿಡುತ್ತದೆ.

ಶ್ರುತಿ ಹುಟ್ಟುವುದು ಕೊರಳಿನ ಧ್ವನಿಪೆಟ್ಟಿಗೆಯಲ್ಲಿ. ಅದರೊಳಗಿನ ಧ್ವನಿತಂತುಗಳು ಹೆಸರಿಗಷ್ಟೇ ತಂತುಗಳು. ನಿಜಕ್ಕೂ ಅವು ಎದುರುಬದುರಾಗಿರುವ ಎರಡು ಮೆತ್ತನೆಯ ಮಡಿಕೆಗಳು. ಶ್ವಾಸಕೋಶದಿಂದ ಬರುವ ಗಾಳಿ ಅವನ್ನು ತಳ್ಳಿ ತೆರೆಯುತ್ತದೆ, ಅವು ಮತ್ತೆ ಕೂಡಿಕೊಳ್ಳುತ್ತವೆ. ಮಾತನಾಡುವಾಗ ಗಂಡಸರಲ್ಲಿ ಇದು ಸೆಕೆಂಡಿಗೆ ಸುಮಾರು 120 ಸಲ, ಹೆಂಗಸರಲ್ಲಿ ಸುಮಾರು 200 ಸಲ ನಡೆಯುತ್ತದೆ. ಹದಿಹರೆಯದಲ್ಲಿ ಹುಡುಗರ ಮಡಿಕೆಗಳು ಉದ್ದವಾಗಿ, ದಪ್ಪವಾಗಿ ಬೆಳೆಯುವುದರಿಂದ ದನಿ ತಗ್ಗಿಗಿಳಿಯುತ್ತದೆ. ಮೇಲಿನ ಸ್ವರ ಬೇಕಾದಾಗ ಒಂದು ಸ್ನಾಯು ಮಡಿಕೆಗಳನ್ನು ಬಿಗಿಯಾಗಿ ಎಳೆಯುತ್ತದೆ.

ಆದರೆ ಅಲ್ಲಿ ಹುಟ್ಟುವುದು ಬರೀ ಗುಂಯ್‌ಗುಡುವ ಸದ್ದು. ತಂದೆ, ಮಗಳು ಇಬ್ಬರ ಮಡಿಕೆಗಳೂ ಸೆಕೆಂಡಿಗೆ 200 ಸಲ ಕಂಪಿಸಿದರೆ, ಇಬ್ಬರ ಸದ್ದಿನಲ್ಲೂ 200ರ ಜೊತೆಗೆ 400, 600, 800 ಹೀಗೆ ಅದರ ಗುಣಕಗಳೂ ಬೆರೆತಿರುತ್ತವೆ. ಈ ಸದ್ದು ಗಂಟಲು ಮತ್ತು ಬಾಯಿಯ ಕೊಳವೆಯನ್ನು ದಾಟಿ ಹೊರಬರಬೇಕು. ಕೊಳವೆ ತನ್ನ ಅಳತೆಗೆ ಹೊಂದುವ ಕಂಪನಗಳನ್ನು ಎತ್ತಿ, ಉಳಿದವನ್ನು ತಗ್ಗಿಸುತ್ತದೆ. ಗಂಡಸರಲ್ಲಿ ಇದರ ಉದ್ದ ಸುಮಾರು 17 ಸೆಂಟಿಮೀಟರ್. ಬಾಯಿ ಸಡಿಲವಾಗಿದ್ದರೆ ಮೊದಲು ಮೇಲೇಳುವುದು 500ರ ಆಸುಪಾಸಿನ ಕಂಪನಗಳು. ಹೆಂಗಸರ ಸುಮಾರು 14 ಸೆಂಟಿಮೀಟರ್ ಕೊಳವೆಯಲ್ಲಿ ಆ ಜಾಗ 600ರ ಮೇಲಕ್ಕೆ ಸರಿಯುತ್ತದೆ. ನಾಲಿಗೆಯ ಗಾತ್ರ, ಅಂಗುಳದ ಕಮಾನು, ಹಲ್ಲಿನ ಸಾಲು ಸೇರಿದರೆ ಒಬ್ಬರ ಕೊಳವೆಯಂತೆ ಇನ್ನೊಬ್ಬರದಿಲ್ಲ.

ಇದನ್ನು ಪರೀಕ್ಷಿಸಲು ಉಪಕರಣವೇನೂ ಬೇಡ. ಒಂದೇ ಶ್ರುತಿಯಲ್ಲಿ ‘ಆ’ ಎನ್ನುತ್ತಾ ‘ಈ’ಗೆ ಜಾರಿ: ಸ್ವರ ಕದಲುವುದಿಲ್ಲ, ಕದಲುವುದು ನಾಲಿಗೆ. ಈಗ ಕೊರಳ ಮೇಲೆ ಬೆರಳಿಟ್ಟು ಅವೆರಡನ್ನೂ ಪಿಸುಗುಟ್ಟಿ. ಬೆರಳಿಗೆ ಕಂಪನವೇ ಸಿಗುವುದಿಲ್ಲ, ಆದರೂ ಅಕ್ಷರಗಳು ಬೇರೆ ಬೇರೆಯಾಗಿಯೇ ಕೇಳುತ್ತವೆ. ಪರಿಚಿತರು ಪಿಸುಗುಟ್ಟಿದರೂ ಎಷ್ಟೋ ಸಲ ಗುರುತು ಹತ್ತುವುದು ಇದರಿಂದಲೇ.

ಹಳೆಯ ಟೆಲಿಫೋನ್ ಇನ್ನೂ ಸ್ವಾರಸ್ಯದ ಸಾಕ್ಷಿ. ಅದು ಸುಮಾರು 300ಕ್ಕಿಂತ ಕೆಳಗಿನ ಕಂಪನಗಳನ್ನು ದಾಟಿಸುತ್ತಲೇ ಇರಲಿಲ್ಲ; ಅಂದರೆ ಗಂಡಸಿನ 120 ದಾರಿಯಲ್ಲೇ ಸೋರಿಹೋಗುತ್ತಿತ್ತು. ಆದರೂ ಕೇಳುವವರಿಗೆ ಗಂಡಸಿನ ತಗ್ಗುದನಿಯೇ ಕೇಳುತ್ತಿತ್ತು. ದಾಟಿ ಬಂದ 360, 480, 600ರ ನಡುವಿನ ಸಮ ಅಂತರ ಹಿಡಿದು ಕಾಣೆಯಾದ 120ನ್ನು ಮಿದುಳು ತಾನೇ ತುಂಬಿಕೊಳ್ಳುತ್ತದೆ.

ಕೆಟ್ಟ ದನಿಯಲ್ಲೂ ಈ ಎರಡು ಭಾಗಗಳನ್ನು ಬಿಡಿಸಿ ನೋಡಬಹುದು. ನೆಗಡಿಯಿಂದ ಮೂಗು ಕಟ್ಟಿದರೆ ‘ಅಮ್ಮ’ ಎಂದದ್ದು ‘ಅಬ್ಬ’ ಎಂದು ಕೇಳುತ್ತದೆ, ಶ್ರುತಿ ಮಾತ್ರ ಇದ್ದಲ್ಲೇ ಇರುತ್ತದೆ; ಕೆಟ್ಟಿರುವುದು ಮೇಲಿನ ದಾರಿ. ಕೂಗಿ ಕೂಗಿ ಮಡಿಕೆಗಳೇ ಊದಿಕೊಂಡರೆ ಅವು ಭಾರವಾಗಿ ನಿಧಾನಕ್ಕೆ ಕಂಪಿಸುತ್ತವೆ, ಸರಿಯಾಗಿ ಕೂಡಿಕೊಳ್ಳದೆ ಗಾಳಿ ಸೋರುತ್ತದೆ. ಆಗ ದನಿ ತಗ್ಗಿ, ಗೊಗ್ಗರಾಗುತ್ತದೆ. ಸಾಮಾನ್ಯವಾಗಿ ಗಂಟಲಿಗೆ ವಿಶ್ರಾಂತಿ ಕೊಟ್ಟರೆ ಕೆಲವು ದಿನಗಳಲ್ಲಿ ಸರಿಹೋಗುತ್ತದೆ. ಮೂರು ವಾರ ಕಳೆದರೂ ಗೊಗ್ಗರು ಇಳಿಯದಿದ್ದರೆ ಕಿವಿ-ಮೂಗು-ಗಂಟಲಿನ ವೈದ್ಯರಿಗೆ ತೋರಿಸಬೇಕು. ಮಡಿಕೆಗಳ ಮೇಲೆ ಗಂಟೇನಾದರೂ ಎದ್ದಿದೆಯೇ ಎಂದು ಅವರು ದರ್ಶಕ ಇಳಿಸಿ ನೋಡುತ್ತಾರೆ.