ಬೆಲ್ಲದ ಪಾಕ ನೀರಿಗಿಂತ ಹೆಚ್ಚು ಬಿಸಿಯಾಗುವುದೇಕೆ?



ಮಂಡ್ಯದ ಕಡೆಯ ನಮ್ಮ ಒಂದು ಸಂಘದವರು ಸಾಲ ಪಡೆದು ಚಿಕ್ಕ ಆಲೆಮನೆ ಶುರು ಮಾಡಿದರು. ತರಬೇತಿಯಲ್ಲಿ ಕೊಟ್ಟ ಹಾಳೆಯಲ್ಲಿ "ಅಚ್ಚು ಬೆಲ್ಲಕ್ಕೆ 118 ಡಿಗ್ರಿ" ಅಂತ ಬರೆದಿತ್ತು. ಅವರು ಥರ್ಮಾಮೀಟರ್ ಇಟ್ಟು 118 ಬರುವವರೆಗೂ ಕಾದರು. ಬೆಲ್ಲ ಕಪ್ಪಾಯಿತು, ಅಚ್ಚಿಗೆ ತುಂಬುವ ಮೊದಲೇ ಪುಡಿಪುಡಿಯಾಯಿತು. ಒಂದು ಕೊಪ್ಪರಿಗೆ ಬೆಲ್ಲಕ್ಕೆ ಅರ್ಧ ಬೆಲೆಯೂ ಸಿಗಲಿಲ್ಲ. ಹಾಳೆಯಲ್ಲಿದ್ದ ಲೆಕ್ಕ ಸುಳ್ಳಲ್ಲ. ಹಾಗಾದರೆ ತಪ್ಪಾದದ್ದು ಎಲ್ಲಿ?

ಸಕ್ಕರೆ ಏನು ಮಾಡುತ್ತದೆ?

ಬರೀ ನೀರು ಒಮ್ಮೆ ಕುದಿಯಲು ಹತ್ತಿದ ಮೇಲೆ ಎಷ್ಟು ಸೌದೆ ಹಾಕಿದರೂ ಅದರ ಬಿಸಿ ಏರುವುದಿಲ್ಲ, ನೀರು ಬೇಗ ಆವಿಯಾಗುತ್ತದೆ ಅಷ್ಟೆ. ಕಬ್ಬಿನ ಹಾಲಿನಲ್ಲಿ ಸಕ್ಕರೆ ಕರಗಿರುತ್ತದೆ. ಈ ಸಕ್ಕರೆಯ ಕಣಗಳು ನೀರಿನ ಕಣಗಳ ನಡುವೆ ಜಾಗ ಹಿಡಿದುಕೊಂಡು, ಅವು ಸುಲಭವಾಗಿ ಹೊರಗೆ ಹಾರದಂತೆ ಮಾಡುತ್ತವೆ. ನೀರು ಆವಿಯಾಗಿ ಹೋಗಬೇಕಾದರೆ ಇನ್ನಷ್ಟು ಕಾವು ಬೇಕು. ಆದ್ದರಿಂದ ಪಾಕ ಗಟ್ಟಿಯಾದಷ್ಟೂ ಅದು ಕುದಿಯುವ ಬಿಸಿ ಮೇಲೇರುತ್ತದೆ. ಅಂದರೆ, ಪಾಕದಲ್ಲಿ ಇನ್ನು ಎಷ್ಟು ನೀರು ಉಳಿದಿದೆ ಎಂಬುದನ್ನು ಥರ್ಮಾಮೀಟರ್ ನಮಗೆ ಹೇಳುತ್ತದೆ.

ಒಂದು ಕೊಪ್ಪರಿಗೆಯ ಲೆಕ್ಕ

100 ಕೆ.ಜಿ. ಕಬ್ಬಿನ ಹಾಲಿನಲ್ಲಿ 18 ಕೆ.ಜಿ. ಸಕ್ಕರೆ ಅಂಶ ಇದೆ ಅಂತ ಇಟ್ಟುಕೊಳ್ಳೋಣ. ಮಡ್ಡಿ ತೆಗೆಯುತ್ತಾ ಕುದಿಸಿ ಅದು 50 ಕೆ.ಜಿ.ಗೆ ಇಳಿದಾಗ ಬಿಸಿ ಏರಿರುವುದು ಸುಮಾರು ಒಂದೇ ಡಿಗ್ರಿ. 30 ಕೆ.ಜಿ.ಗೆ ಇಳಿದಾಗಲೂ ಸುಮಾರು 3 ಡಿಗ್ರಿ ಮಾತ್ರ. 24 ಕೆ.ಜಿ.ಗೆ ಬಂದಾಗ ಸುಮಾರು 7 ಡಿಗ್ರಿ. ಅಲ್ಲಿಂದ ಇನ್ನು ನಾಲ್ಕು ಕೆ.ಜಿ. ನೀರು ಹೋಗುವಷ್ಟರಲ್ಲಿ 18–20 ಡಿಗ್ರಿಗೆ ಏರಿಬಿಡುತ್ತದೆ!

ನೋಡಿದಿರಾ? ಮೊದಲ 70 ಕೆ.ಜಿ. ನೀರು ಹೋಗುವಾಗ ಮುಳ್ಳು ಕದಲಿದಂತೆಯೇ ಕಾಣುವುದಿಲ್ಲ. ಕೊನೆಗೆ ಓಡತೊಡಗುತ್ತದೆ. ಕೊನೆಯಲ್ಲಿ ಒಂದೊಂದು ಚೊಂಬು ನೀರೂ ಹದವನ್ನು ಬದಲಿಸುತ್ತದೆ. ಅದಕ್ಕೇ ಪಾಕ ದಪ್ಪಗಾಗಿ ಗುಳ್ಳೆ ಏಳತೊಡಗಿದ ಕೂಡಲೇ ಉರಿ ತಗ್ಗಿಸಿ, ಕೈಬಿಡದೆ ಕಲಕಬೇಕು. ಇಲ್ಲವಾದರೆ ಕೊಪ್ಪರಿಗೆಯ ತಳದಲ್ಲಿ ಸೀದು, ಬೆಲ್ಲಕ್ಕೆ ಕಹಿ ಬರುತ್ತದೆ.

ಹದಗಳು ಮೂರು

ನೀರು 100 ಡಿಗ್ರಿಗೆ ಕುದಿಯುವ ಜಾಗದಲ್ಲಿ ಹೀಗೆ ಇಳಿಸುತ್ತಾರೆ:

- ಜೋನಿ ಬೆಲ್ಲ: 105–106 ಡಿಗ್ರಿ. ಬೆರಳ ನಡುವೆ ಎಳೆ ಬರುತ್ತದೆ, ಉಂಡೆ ಕಟ್ಟುವುದಿಲ್ಲ.
- ಅಚ್ಚು ಬೆಲ್ಲ: 116–118 ಡಿಗ್ರಿ. ತಣ್ಣೀರಿಗೆ ಹಾಕಿದ ತೊಟ್ಟು ಉಂಡೆಯಾಗುತ್ತದೆ, ಒತ್ತಿದರೆ ಬಗ್ಗುತ್ತದೆ.
- ಪುಡಿ ಬೆಲ್ಲ: 120–122 ಡಿಗ್ರಿ. ಉಂಡೆ ಗಟ್ಟಿಯಾಗಿರುತ್ತದೆ, ಸುಲಭಕ್ಕೆ ಬಗ್ಗುವುದಿಲ್ಲ.

ಈಗ ಆ ಸಂಘದ ತಪ್ಪು ತಿಳಿಯುತ್ತದೆ. ಸಮುದ್ರ ಮಟ್ಟದಲ್ಲಿ ನೀರು 100 ಡಿಗ್ರಿಗೆ ಕುದಿಯುತ್ತದೆ. ಮಂಡ್ಯದ ಸೀಮೆ ಎತ್ತರದಲ್ಲಿರುವುದರಿಂದ ಅಲ್ಲಿ ಸುಮಾರು 98 ಡಿಗ್ರಿಗೇ ಕುದಿಯುತ್ತದೆ. ಪಾಕದ ಲೆಕ್ಕವೂ ಅಷ್ಟೇ ಕೆಳಗಿಳಿಯಬೇಕು. ಅವರು ಅಚ್ಚು ಬೆಲ್ಲವನ್ನು 114–116ರಲ್ಲೇ ಇಳಿಸಬೇಕಿತ್ತು. 118ಕ್ಕೆ ಹೋದಾಗ ಅದು ಪುಡಿ ಬೆಲ್ಲದ ಹದಕ್ಕೆ ಬಂದುಬಿಟ್ಟಿತ್ತು.

ಆದ್ದರಿಂದ ಮೊದಲು ನಿಮ್ಮ ಆಲೆಮನೆಯಲ್ಲೇ ಒಂದು ಪಾತ್ರೆ ನೀರು ಕುದಿಸಿ, ಥರ್ಮಾಮೀಟರ್ ಇಟ್ಟು ನೋಡಿ, ಬರೆದಿಡಿ. ಅದಕ್ಕೆ ಜೋನಿ ಬೆಲ್ಲಕ್ಕಾದರೆ 5–6, ಅಚ್ಚು ಬೆಲ್ಲಕ್ಕೆ 16–18, ಪುಡಿ ಬೆಲ್ಲಕ್ಕೆ 20–22 ಕೂಡಿಸಿಕೊಳ್ಳಿ. ಹೀಗೆ ಮಾಡಿದರೆ ಥರ್ಮಾಮೀಟರ್ ಒಂದೆರಡು ಡಿಗ್ರಿ ಹೆಚ್ಚುಕಡಿಮೆ ತೋರಿಸುವುದಾದರೂ ಆ ತಪ್ಪು ಬಹುಮಟ್ಟಿಗೆ ಸರಿಹೋಗುತ್ತದೆ. ಜ್ವರ ನೋಡುವ ಥರ್ಮಾಮೀಟರ್ ಇದಕ್ಕೆ ಆಗದು. 150 ಡಿಗ್ರಿಯವರೆಗೆ ತೋರಿಸುವಂಥದ್ದು ಬೇಕು. ಅದರ ತುದಿ ಪಾಕದಲ್ಲಿ ಮುಳುಗಿರಲಿ, ತಳಕ್ಕೆ ತಾಗದಿರಲಿ.

ಥರ್ಮಾಮೀಟರ್ ಹೇಳದ ಮಾತು

ಕೆಲವು ಸಲ ಸರಿಯಾದ ಬಿಸಿಯಲ್ಲೇ ಇಳಿಸಿದರೂ ಬೆಲ್ಲ ಕಟ್ಟುವುದಿಲ್ಲ, ಅಂಟಂಟಾಗಿ ಉಳಿಯುತ್ತದೆ. ಇದು ಕಬ್ಬಿನ ದೋಷ. ಕಡಿದ ಕಬ್ಬನ್ನು ಬಿಸಿಲಿನಲ್ಲಿ ದಿನಗಟ್ಟಲೆ ಬಿಟ್ಟರೆ ಅದರ ಸಕ್ಕರೆ ಒಡೆದು, ಹರಳುಗಟ್ಟದ ಬೇರೆ ಬಗೆಯ ಸಕ್ಕರೆಯಾಗುತ್ತದೆ. ಹೆಚ್ಚು ಕುದಿಸಿದರೆ ಇದು ಸರಿಹೋಗುವುದಿಲ್ಲ, ಬಣ್ಣ ಕೆಡುತ್ತದೆ ಅಷ್ಟೆ. ಅಂಥ ಪಾಕವನ್ನು ಮೊದಲೇ ಜೋನಿ ಬೆಲ್ಲದ ಹದದಲ್ಲಿ ಇಳಿಸುವುದು ಮೇಲು. ಮುಂದಿನ ಸಲ ಕಡಿದ ದಿನವೇ ಗಾಣಕ್ಕೆ ಕೊಡಿ. ಹಾಗಾಗಿ ಥರ್ಮಾಮೀಟರ್ ಬಂತು ಅಂತ ತಣ್ಣೀರಿನ ಬಟ್ಟಲನ್ನು ಬದಿಗಿಡಬೇಡಿ. ಒಂದು ನೀರೆಷ್ಟಿದೆ ಅಂತ ಹೇಳುತ್ತದೆ, ಇನ್ನೊಂದು ಬೆಲ್ಲ ಕಟ್ಟುತ್ತದೋ ಇಲ್ಲವೋ ಅಂತ ಹೇಳುತ್ತದೆ.

ಕೊನೆಗೊಂದು ಎಚ್ಚರಿಕೆ. ಪಾಕ ಕುದಿಯುವ ನೀರಿಗಿಂತ ಬಿಸಿ, ಮೈಗೆ ಅಂಟಿಕೊಳ್ಳುತ್ತದೆ ಕೂಡ. ಸಿಡಿದರೆ ಕೆರೆದು ತೆಗೆಯಬೇಡಿ. 20 ನಿಮಿಷ ತಣ್ಣೀರು ಸುರಿಯಿರಿ, ಸುಟ್ಟ ಗಾಯ ದೊಡ್ಡದಾಗಿದ್ದರೆ ತಡಮಾಡದೆ ಆಸ್ಪತ್ರೆಗೆ ಹೋಗಿ.

ಆ ಸಂಘದವರು ಈಗ ಆಲೆಮನೆಯ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆದಿದ್ದಾರೆ: "ನಮ್ಮ ನೀರು 98. ಅಚ್ಚು 115." ನಿಮ್ಮ ಗೋಡೆಯ ಮೇಲೆ ಬರೆಯಬೇಕಾದ ಲೆಕ್ಕ ಎಷ್ಟು? ಮುಂದಿನ ಸಭೆಗೆ ನೋಡಿಕೊಂಡು ಬನ್ನಿ.