ಗಂಟೆಗೆ ₹30,000: ಎರಡನೇ ಸರ್ವರ್‌ಗಾಗಿ ಒಂದು ಮನವಿ

ಹುಬ್ಬಳ್ಳಿ, 6 ಜುಲೈ 2026

ಮಾನ್ಯ ವ್ಯವಸ್ಥಾಪಕ ನಿರ್ದೇಶಕರಿಗೆ ಹಾಗೂ ಹಣಕಾಸು ಮುಖ್ಯಸ್ಥರಿಗೆ,

ನಮ್ಮ ಔಷಧ ವಿತರಣೆಯ ಬಿಲ್ಲಿಂಗ್, ದಾಸ್ತಾನು ಮತ್ತು ವಸೂಲಿ ಲೆಕ್ಕವೆಲ್ಲ ಒಂದೇ ಡೇಟಾಬೇಸ್ ಸರ್ವರ್ ಮೇಲೆ ನಡೆಯುತ್ತಿದೆ. ಇದರ ರೆಪ್ಲಿಕಾ ಸರ್ವರ್ ಒಂದನ್ನು ಧಾರವಾಡದ ಶಾಖೆಯಲ್ಲಿ ಇರಿಸಲು ವರ್ಷಕ್ಕೆ ₹2,70,500 ಮಂಜೂರು ಮಾಡಬೇಕೆಂದು ಕೋರುತ್ತೇನೆ. ಮುಖ್ಯ ಸರ್ವರಿನಲ್ಲಿ ಆಗುವ ಪ್ರತಿ ಬದಲಾವಣೆಯನ್ನೂ ಕೂಡಲೇ ತನ್ನಲ್ಲಿ ಬರೆದುಕೊಳ್ಳುತ್ತ, ಅದು ಕೆಟ್ಟಾಗ ಅದರ ಜಾಗಕ್ಕೆ ನಿಲ್ಲಬಲ್ಲ ಎರಡನೇ ಸರ್ವರ್‌ಗೆ ರೆಪ್ಲಿಕಾ ಎನ್ನುತ್ತಾರೆ. ಈ ಖರ್ಚು ಹುಟ್ಟುತ್ತದೆಯೇ ಎಂಬುದೇ ಈ ಪತ್ರದ ವಿಷಯ. ಹುಟ್ಟುತ್ತದೆ, ಆದರೆ ಸಣ್ಣ ಅಂತರದಿಂದ. ಆ ಅಂತರ ಎಲ್ಲಿಂದ ಬರುತ್ತದೆ, ಎಲ್ಲಿ ಕೈತಪ್ಪಬಹುದು ಎಂಬುದನ್ನು ತಾವೇ ಪರಿಶೀಲಿಸಲೆಂದು ಲೆಕ್ಕವನ್ನು ಪೂರ್ತಿಯಾಗಿ ಕೊಟ್ಟಿದ್ದೇನೆ.

ಮೊದಲು ಒಂದು ಗಂಟೆಯ ಬೆಲೆ. 2025-26ರಲ್ಲಿ ನಮ್ಮ ಮಾರಾಟ ₹252 ಕೋಟಿ. ಹಿಂದಿನ ವರ್ಷದ ₹225 ಕೋಟಿಗಿಂತ ಶೇ 12 ಹೆಚ್ಚು. ವರ್ಷಕ್ಕೆ 300 ದಿನ, ದಿನಕ್ಕೆ 12 ಗಂಟೆ ಬಿಲ್ಲಿಂಗ್ ಎಂದರೆ ಗಂಟೆಗೆ ₹7 ಲಕ್ಷದ ಮಾರಾಟ. ಶೇ 8ರ ನಮ್ಮ ಮಾರ್ಜಿನ್‌ನಲ್ಲಿ ಅದು ₹56,000. ಸರ್ವರ್ ನಿಂತಾಗ ಇದೆಲ್ಲವೂ ಹೋಗುವುದಿಲ್ಲ. ಕಳೆದ ನವೆಂಬರ್‌ನಲ್ಲಿ ಸರ್ವರ್ ಕೆಟ್ಟ ನಂತರದ ಮೂರು ದಿನಗಳ ಬಿಲ್ಲುಗಳನ್ನು ನೋಡಿದರೆ, ತಪ್ಪಿದ ಮಾರಾಟದ ಶೇ 60 ಮರಳಿ ಬಂದಿದೆ. ಉಳಿದ ಶೇ 40 ಬೇರೆ ವಿತರಕರ ಪಾಲಾಯಿತು. ಔಷಧ ಅಂಗಡಿಯವರು ರೋಗಿಯನ್ನು ನಾಳೆ ಬನ್ನಿ ಎಂದು ಕಳಿಸಲಾರರು. ಆ ಶೇ 40ರ ಮಾರ್ಜಿನ್ ಗಂಟೆಗೆ ₹22,400. ಕೆಲಸವಿಲ್ಲದೆ ಕೂರುವ 70 ಮಂದಿಯ ಸಂಬಳ, ಗಂಟೆಗೆ ತಲಾ ₹110ರಂತೆ, ₹7,700. ಎರಡೂ ಸೇರಿ ₹30,100. ಮುಂದಿನ ಲೆಕ್ಕಕ್ಕೆ ಇದನ್ನು ₹30,000 ಎಂದು ಹಿಡಿದಿದ್ದೇನೆ.

ಕೈಬರಹದ ಬಿಲ್ಲಿನಲ್ಲಿ ಸರಕು ಕಳಿಸಬಹುದಲ್ಲವೇ ಎಂಬ ಪ್ರಶ್ನೆ ಪ್ರತಿ ಸಲವೂ ಬರುತ್ತದೆ. 2023ರ ಆಗಸ್ಟ್ 1ರಿಂದ ವಾರ್ಷಿಕ ವಹಿವಾಟು ₹5 ಕೋಟಿ ಮೀರಿದ ಸಂಸ್ಥೆಗಳು ವ್ಯಾಪಾರಿಗಳಿಗೆ ಕೊಡುವ ಪ್ರತಿ ಬಿಲ್ಲಿಗೂ ಇ-ಇನ್‌ವಾಯ್ಸ್ ಕಡ್ಡಾಯ. ಸರ್ಕಾರದ ಪೋರ್ಟಲ್‌ನಿಂದ ಬಿಲ್ಲಿನ ಗುರುತು ಸಂಖ್ಯೆ, ಅಂದರೆ ಐಆರ್‌ಎನ್, ಪಡೆಯದೆ ಸರಕು ಗೋದಾಮು ಬಿಡುವಂತಿಲ್ಲ. ಆ ಕೋರಿಕೆ ಹೋಗುವುದು ನಮ್ಮ ಡೇಟಾಬೇಸ್‌ನಿಂದಲೇ.

ಇನ್ನು ನಿಂತ ಗಂಟೆಗಳು. ವ್ಯವಹಾರದ ವೇಳೆಯಲ್ಲಿ 2023-24ರಲ್ಲಿ 6 ಗಂಟೆ, 2024-25ರಲ್ಲಿ 5 ಗಂಟೆ, 2025-26ರಲ್ಲಿ 14 ಗಂಟೆ ಸರ್ವರ್ ಸಿಗಲಿಲ್ಲ. ಕಳೆದ ವರ್ಷದ 14ರಲ್ಲಿ 12 ಗಂಟೆ ಒಂದೇ ಘಟನೆಯದು. ನವೆಂಬರ್‌ನ ಒಂದು ಗುರುವಾರ ಸಂಜೆ 4.40ಕ್ಕೆ ಡಿಸ್ಕುಗಳನ್ನು ನಿಯಂತ್ರಿಸುವ ರೇಡ್ ಕಂಟ್ರೋಲರ್ ಕೆಟ್ಟಿತು. ಜೊತೆಗೆ ಡಿಸ್ಕಿನ ಮೇಲಿದ್ದ ಕಡತಗಳೂ ಹಾಳಾದವು. ನಮ್ಮ ವಾರಂಟಿ ಕರಾರು ಬಿಡಿಭಾಗವನ್ನು ಮರುದಿನ ತಲುಪಿಸುವ ಬಗೆಯದು. ಅದು ಶುಕ್ರವಾರ ಮಧ್ಯಾಹ್ನ 1.10ಕ್ಕೆ ಬಂತು. ಜೋಡಣೆಗೆ 45 ನಿಮಿಷ, 640 ಜಿಬಿ ಬ್ಯಾಕಪ್ಪನ್ನು ಸೆಕೆಂಡಿಗೆ 110 ಎಂಬಿ ವೇಗದಲ್ಲಿ ಮರಳಿ ತುಂಬಲು ಸುಮಾರು 100 ನಿಮಿಷ, ತಪಾಸಣೆಗೆ ಒಂದು ಗಂಟೆಗೂ ತುಸು ಹೆಚ್ಚು. ಸಂಜೆ 4.40ಕ್ಕೆ ಬಿಲ್ಲಿಂಗ್ ಮತ್ತೆ ಶುರುವಾಯಿತು. ಹೀಗೆ ಹೋದ 24 ಗಂಟೆಗಳಲ್ಲಿ ನಮ್ಮ ಕೆಲಸ ತೆಗೆದುಕೊಂಡದ್ದು ಮೂರೂವರೆ ಗಂಟೆ. ಉಳಿದ ಇಪ್ಪತ್ತೂವರೆ ಗಂಟೆ ಒಂದು ಬಿಡಿಭಾಗಕ್ಕೆ ಕಾದದ್ದು. ರೆಪ್ಲಿಕಾದಿಂದ ಮುಖ್ಯವಾಗಿ ಉಳಿಯುವುದು ಈ ಕಾಯುವಿಕೆ.

ಆ ದಿನದ ನಷ್ಟಕ್ಕೆ ಇನ್ನೊಂದು ಭಾಗವಿತ್ತು. ಕೊನೆಯ ಬ್ಯಾಕಪ್ ರಾತ್ರಿ 1 ಗಂಟೆಯದಾದ್ದರಿಂದ ಬೆಳಿಗ್ಗೆ 8ರಿಂದ ಸಂಜೆ 4.40ರವರೆಗಿನ, ಗಂಟೆಗೆ 260ರಂತೆ ಸುಮಾರು 2,250 ಬಿಲ್ಲುಗಳು ಡೇಟಾಬೇಸ್‌ನಲ್ಲಿ ಉಳಿಯಲಿಲ್ಲ. ಕಾಗದದ ಪ್ರತಿ ನೋಡಿ, ಬ್ಯಾಚ್ ಸಂಖ್ಯೆ ಮತ್ತು ಅವಧಿ ಮುಗಿಯುವ ದಿನಾಂಕಗಳ ಸಹಿತ ಅವನ್ನು ಮತ್ತೆ ನಮೂದಿಸಲು ಬಿಲ್ಲಿಗೆ 6 ನಿಮಿಷದಂತೆ 225 ಗಂಟೆ ಹಿಡಿಯಿತು. ಖರ್ಚು ಸುಮಾರು ₹25,000. ಹಳೆಯ ಬ್ಯಾಕಪ್‌ನಿಂದ ಎದ್ದ ಡೇಟಾಬೇಸ್ ಬಿಲ್ಲಿನ ಕ್ರಮಸಂಖ್ಯೆಯನ್ನೂ ಹಳೆಯ ಜಾಗದಿಂದಲೇ ಎಣಿಸತೊಡಗಿತು. ಆ ಸಂಖ್ಯೆಗಳಿಗೆ ಐಆರ್‌ಎನ್ ಆಗಲೇ ಸಿಕ್ಕಿದ್ದರಿಂದ ಹೊಸ ಬಿಲ್ಲುಗಳನ್ನು ಪೋರ್ಟಲ್ ನಕಲು ಎಂದು ತಿರಸ್ಕರಿಸಿತು. ಕ್ರಮಸಂಖ್ಯೆಯನ್ನು ಮುಂದೆ ತಳ್ಳಿದ ಮೇಲೆ ಸರಿಯಾಯಿತು. ವಸೂಲಿಯಲ್ಲಿ ₹1.8 ಲಕ್ಷಕ್ಕೆ ಇನ್ನೂ ತಾಳೆಯಾಗಿಲ್ಲ. ಗಂಟೆಗಳ ನಷ್ಟ ₹3.6 ಲಕ್ಷವನ್ನೂ ಸೇರಿಸಿದರೆ ಆ ಒಂದು ಘಟನೆಗೆ ₹5.65 ಲಕ್ಷ.

ಈ ₹5.65 ಲಕ್ಷವನ್ನೇ ಮುಂದಿಟ್ಟು ರೆಪ್ಲಿಕಾ ಕೇಳುವುದು ಸುಲಭವಿತ್ತು, ಆದರೆ ಸರಿಯಲ್ಲ. ದತ್ತಾಂಶ ಕಳೆದುಹೋಗುವ ಭಾಗಕ್ಕೆ ಅಗ್ಗದ ಪರಿಹಾರವಿದೆ. ಅದನ್ನು ಡಿಸೆಂಬರ್‌ನಲ್ಲೇ ಜಾರಿ ಮಾಡಿದ್ದೇವೆ. ನಾವು ಬಳಸುವ ಪೋಸ್ಟ್‌ಗ್ರೆಸ್ ಡೇಟಾಬೇಸ್ ಪ್ರತಿ ಬದಲಾವಣೆಯನ್ನೂ ಮೊದಲು ವಾಲ್ ಎಂಬ ದಾಖಲೆಯಲ್ಲಿ ಬರೆಯುತ್ತದೆ. ಆ ದಾಖಲೆಯ ತುಣುಕುಗಳನ್ನು ಹೆಚ್ಚೆಂದರೆ ಐದು ನಿಮಿಷಕ್ಕೊಮ್ಮೆ ಹೊರಗಿನ ಸಂಗ್ರಹಕ್ಕೆ ಕಳಿಸುತ್ತಿದ್ದೇವೆ. ವಾರ್ಷಿಕ ಖರ್ಚು ₹15,000. ಇನ್ನು ಮುಂದೆ ಅಂಥ ಘಟನೆಯಲ್ಲಿ ಹೋಗುವುದು ಇಡೀ ದಿನದ ಬಿಲ್ಲುಗಳಲ್ಲ, ಸುಮಾರು ಐದು ನಿಮಿಷದವು. ಹಾಗಾಗಿ ₹2.05 ಲಕ್ಷವನ್ನು ರೆಪ್ಲಿಕಾದ ಲಾಭದಲ್ಲಿ ಸೇರಿಸಿಲ್ಲ. ರೆಪ್ಲಿಕಾ ತನ್ನ ಖರ್ಚನ್ನು ನಿಂತ ಗಂಟೆಗಳಿಂದಲೇ ದುಡಿಯಬೇಕು.

ಖರ್ಚು ಇಷ್ಟು. ಕೊಟೇಶನ್ ಪ್ರಕಾರ ಡಿಸ್ಕು ಸಹಿತ ಸರ್ವರ್ ₹5.4 ಲಕ್ಷ, ಐದು ವರ್ಷಕ್ಕೆ ಹಂಚಿದರೆ ವರ್ಷಕ್ಕೆ ₹1,08,000. ಹುಬ್ಬಳ್ಳಿ-ಧಾರವಾಡ ನಡುವಿನ 50 ಎಂಬಿಪಿಎಸ್ ಮೀಸಲು ಸಂಪರ್ಕಕ್ಕೆ ತಿಂಗಳಿಗೆ ₹9,000ದಂತೆ ಮತ್ತೆ ₹1,08,000. ವಿದ್ಯುತ್ತಿಗೆ ₹24,500, ನಿರ್ವಹಣೆಗೆ ₹30,000. ಪೋಸ್ಟ್‌ಗ್ರೆಸ್‌ಗೆ ಪರವಾನಗಿ ಶುಲ್ಕವಿಲ್ಲ. ಒಟ್ಟು ₹2,70,500. ನಮ್ಮ ವಾಲ್ ದಾಖಲೆ ದಿನಕ್ಕೆ 30 ಜಿಬಿ. ಅತಿ ಹೆಚ್ಚು ಕೆಲಸದ ಗಂಟೆಯಲ್ಲಿ 4 ಜಿಬಿ, ಅಂದರೆ ಸುಮಾರು 9 ಎಂಬಿಪಿಎಸ್. 50ರ ಸಂಪರ್ಕ ಸಾಕು. ಮೊದಲ ಬಾರಿಯ 640 ಜಿಬಿಯನ್ನು ಮಾತ್ರ ಆ ಸಂಪರ್ಕದಲ್ಲಿ ಕಳಿಸಲು 28 ಗಂಟೆ ಬೇಕು. ಹುಬ್ಬಳ್ಳಿಯಲ್ಲೇ ನಕಲು ಮಾಡಿಕೊಂಡು ಸರ್ವರನ್ನು ಧಾರವಾಡಕ್ಕೆ ಸಾಗಿಸುವುದು ಉತ್ತಮ.

ಲಾಭದ ಲೆಕ್ಕಕ್ಕೆ ಮೂರು ವರ್ಷಗಳ 25 ಗಂಟೆಗಳನ್ನು ತೆಗೆದುಕೊಂಡಿದ್ದೇನೆ. ಇದರಲ್ಲಿ 3 ಗಂಟೆ ಬಿಲ್ಲಿಂಗ್ ತಂತ್ರಾಂಶದ ತಪ್ಪು ಅಪ್‌ಡೇಟ್‌ನಿಂದಾದದ್ದು. ಅಂಥ ತಪ್ಪು ರೆಪ್ಲಿಕಾಕ್ಕೂ ನಕಲಾಗುತ್ತದೆ, ಆದ್ದರಿಂದ ಕಳೆದಿದ್ದೇನೆ. ಉಳಿದ ಆರು ಘಟನೆಗಳಲ್ಲಿ ರೆಪ್ಲಿಕಾಕ್ಕೆ ಬದಲಾಯಿಸಲು ತಲಾ 20 ನಿಮಿಷದಂತೆ 2 ಗಂಟೆ ಕಳೆದರೆ 20 ಗಂಟೆ ಉಳಿಯುತ್ತದೆ. ₹30,000ದ ದರದಲ್ಲಿ ಮೂರು ವರ್ಷಕ್ಕೆ ₹6 ಲಕ್ಷ, ವರ್ಷಕ್ಕೆ ₹2 ಲಕ್ಷ. ಇಷ್ಟೇ ಆದರೆ ಖರ್ಚಿಗಿಂತ ₹70,500 ಕಡಿಮೆ.

ಆ ಕೊರತೆಯನ್ನು ತುಂಬುವುದು ತಿಂಗಳ ಕೊನೆಯ ವರದಿಗಳು. ದಾಸ್ತಾನು ಮತ್ತು ಅವಧಿ ಮುಗಿಯುವ ಸರಕಿನ ವರದಿಗಳು ಮುಖ್ಯ ಸರ್ವರ್ ಮೇಲೆಯೇ ನಡೆಯುವ ಆ ನಾಲ್ಕು ದಿನ ಬಿಲ್ಲಿಂಗ್ ವೇಗ ಗಂಟೆಗೆ 260ರಿಂದ 240ಕ್ಕೆ ಇಳಿಯುತ್ತದೆ. ದಿನಕ್ಕೆ 240 ಬಿಲ್ಲು ಬಾಕಿ, ಹತ್ತು ಮಂದಿಗೆ ಒಂದು ಗಂಟೆಯ ಓವರ್‌ಟೈಮ್. ದುಪ್ಪಟ್ಟು ದರ ₹220ರಂತೆ ವರ್ಷದ 48 ದಿನಕ್ಕೆ ₹1,05,600. ಓದಲು ಮಾತ್ರ ಬೇಕಾದ ಈ ವರದಿಗಳನ್ನು ರೆಪ್ಲಿಕಾದಲ್ಲಿ ನಡೆಸಬಹುದು. ಆಗ ಒಟ್ಟು ಲಾಭ ₹3,05,600. ಖರ್ಚು ಕಳೆದು ₹35,100 ಉಳಿಯುತ್ತದೆ. ಈ ಅಂಕಿ ಶೇ 40ರ ಅಂದಾಜನ್ನು ನೆಚ್ಚಿದೆ. ತಪ್ಪಿದ ಮಾರಾಟದಲ್ಲಿ ನಾವು ಶಾಶ್ವತವಾಗಿ ಕಳೆದುಕೊಳ್ಳುವುದು ಶೇ 25 ಮಾತ್ರ ಎಂದಾದರೆ ಲಾಭ ಸುಮಾರು ₹2,50,300ಕ್ಕೆ ಇಳಿದು, ವರ್ಷಕ್ಕೆ ₹20,200ರಷ್ಟು ಕೈಯಿಂದ ಹೋಗುತ್ತದೆ.

ಕಳೆದ ಮೂರು ವರ್ಷಗಳ ಸರಾಸರಿ ಮುಂದಕ್ಕೂ ಅನ್ವಯಿಸುತ್ತದೆಂದು ನಾನು ನಂಬುವುದಿಲ್ಲ. ಮುಖ್ಯ ಸರ್ವರ್ ಐದನೇ ವರ್ಷದಲ್ಲಿದೆ. ಅದರ ವಾರಂಟಿ ಸೆಪ್ಟೆಂಬರ್ 30ಕ್ಕೆ ಮುಗಿಯುತ್ತದೆ. ನಾಲ್ಕು ಗಂಟೆಯೊಳಗೆ ಬಿಡಿಭಾಗ ತಲುಪಿಸುವ ಕರಾರು ಅಗ್ಗವಾಗುತ್ತಿತ್ತು, ಆದರೆ ಹುಬ್ಬಳ್ಳಿಗೆ ಆ ಸೇವೆ ಕೊಡಲು ಪೂರೈಕೆದಾರರು ಒಪ್ಪಿಲ್ಲ. ಹೊಸ ಸರ್ವರ್ ಬರಲು ಮೂರು ವಾರ ಎನ್ನುತ್ತಾರೆ. ಅಕ್ಟೋಬರ್‌ನಿಂದ ಮುಂದೆ ಈಗಿರುವ ಸರ್ವರ್ ಕೆಟ್ಟು, ಬಾಡಿಗೆ ಯಂತ್ರ ತಂದು ನಿಲ್ಲಿಸುವುದಕ್ಕೆ ನಾಲ್ಕೇ ಕೆಲಸದ ದಿನ ಹಿಡಿದರೂ 48 ಗಂಟೆ, ₹14.4 ಲಕ್ಷ. ರೆಪ್ಲಿಕಾದ ಐದು ವರ್ಷಗಳ ಪೂರ್ತಿ ಖರ್ಚು ₹13.5 ಲಕ್ಷ.

ರೆಪ್ಲಿಕಾ ಬಂದ ಮೇಲೆ ಬ್ಯಾಕಪ್ ಖರ್ಚು ನಿಲ್ಲಿಸಬಹುದೆಂದು ದಯವಿಟ್ಟು ಎಣಿಸಬೇಡಿ. 2017ರ ಜನವರಿ 31ರಂದು ಗಿಟ್‌ಲ್ಯಾಬ್ ಸಂಸ್ಥೆಯಲ್ಲಿ ಹಿಂದೆ ಬಿದ್ದ ರೆಪ್ಲಿಕಾವನ್ನು ಸರಿಪಡಿಸುತ್ತಿದ್ದ ಎಂಜಿನಿಯರ್ ಒಬ್ಬರು ತಪ್ಪಿ ಮುಖ್ಯ ಸರ್ವರಿನ ಸುಮಾರು 300 ಜಿಬಿ ದತ್ತಾಂಶವನ್ನು ಅಳಿಸಿದರು. ದಿನನಿತ್ಯದ ಬ್ಯಾಕಪ್ ಆವೃತ್ತಿ ಹೊಂದಿಕೆಯಾಗದೆ ವಿಫಲವಾಗುತ್ತಿದ್ದುದು ಆಗ ಗೊತ್ತಾಯಿತು. ಆರು ಗಂಟೆ ಹಳೆಯ ಪ್ರತಿಯಿಂದ ಮರಳಿ ಏಳಲು ಸುಮಾರು 18 ಗಂಟೆ ಬೇಕಾಯಿತು. ರೆಪ್ಲಿಕಾ ಹಿಂದೆ ಬಿದ್ದಿದೆಯೇ ಎಂದು ನಿರಂತರವಾಗಿ ನೋಡುತ್ತಿರಬೇಕು. ನಾವು ನಿಮಿಷಕ್ಕೊಮ್ಮೆ ಈ ಪ್ರಶ್ನೆ ಕೇಳುತ್ತೇವೆ:

```sql
SELECT application_name, flush_lag
FROM pg_stat_replication;
```

`flush_lag` 30 ಸೆಕೆಂಡು ಮೀರಿದರೆ ಎಚ್ಚರಿಕೆ ಬರುತ್ತದೆ. ಸಂಪರ್ಕ ಪೂರ್ತಿ ಕಡಿದಾಗ ಈ ಪಟ್ಟಿಯಲ್ಲಿ ಸಾಲೇ ಇರುವುದಿಲ್ಲ. ಸಾಲಿಲ್ಲದಿದ್ದರೂ ಎಚ್ಚರಿಕೆ ಬರುವಂತೆ ಮಾಡುವುದು ಅಷ್ಟೇ ಅಗತ್ಯ. ಕಡಿದಿರುವಷ್ಟು ಕಾಲ ಮುಖ್ಯ ಸರ್ವರ್ ದಿನಕ್ಕೆ 30 ಜಿಬಿ ದಾಖಲೆಯನ್ನು ರೆಪ್ಲಿಕಾಕ್ಕಾಗಿ ಕೂಡಿಡುತ್ತದೆ. 400 ಜಿಬಿ ಖಾಲಿ ಜಾಗ 13 ದಿನದಲ್ಲಿ ತುಂಬಿ ಮುಖ್ಯ ಸರ್ವರ್ ನಿಂತೇಹೋಗಬಹುದು. ಅದಕ್ಕೆ `max_slot_wal_keep_size` ಮೂಲಕ 200 ಜಿಬಿಯ ಮಿತಿ ಹಾಕುತ್ತೇವೆ.

ರೆಪ್ಲಿಕಾಕ್ಕೆ ಬದಲಾಯಿಸುವ ನಿರ್ಧಾರ ಮನುಷ್ಯರ ಕೈಯಲ್ಲೇ ಇರಬೇಕೆಂಬುದು ನನ್ನ ಸಲಹೆ. ಎರಡೇ ಸರ್ವರ್ ಇರುವಾಗ ನಡುವಿನ ಸಂಪರ್ಕ ಮಾತ್ರ ಕಡಿದರೆ, ಸ್ವಯಂಚಾಲಿತ ವ್ಯವಸ್ಥೆ ಧಾರವಾಡದ ಸರ್ವರನ್ನೂ ಮುಖ್ಯವೆಂದು ಎಬ್ಬಿಸಬಹುದು. ಆಗ ಎರಡು ಕಡೆ ಒಂದೇ ಕ್ರಮಸಂಖ್ಯೆಯ ಬಿಲ್ಲುಗಳು ಹುಟ್ಟುತ್ತವೆ. ಮೇಲಿನ 20 ನಿಮಿಷದಲ್ಲಿ ಹುಬ್ಬಳ್ಳಿಯ ಸರ್ವರ್ ನಿಜವಾಗಿ ನಿಂತಿದೆ ಎಂದು ಖಚಿತಪಡಿಸಿ ಅದನ್ನು ಆಫ್ ಮಾಡುವ ಸಮಯವೂ ಸೇರಿದೆ.

ಖರೀದಿ ಆದೇಶ ಆಗಸ್ಟ್ 14ರೊಳಗೆ ಹೋದರೆ ಸರ್ವರ್ ಸೆಪ್ಟೆಂಬರ್ ಮೊದಲ ವಾರ ಬರುತ್ತದೆ. ಸೆಪ್ಟೆಂಬರ್ 20ರ ಭಾನುವಾರ ಹುಬ್ಬಳ್ಳಿಯ ಸರ್ವರ್ ನಿಲ್ಲಿಸಿ, ಧಾರವಾಡದಿಂದ ಬಿಲ್ಲು ತೆಗೆದು ಪರೀಕ್ಷಿಸುತ್ತೇವೆ. ಬದಲಾವಣೆಗೆ 20 ನಿಮಿಷಕ್ಕಿಂತ ಹೆಚ್ಚು ಹಿಡಿದರೆ ಈ ಪತ್ರದ ಲಾಭದ ಅಂಕಿಯನ್ನು ಅಷ್ಟರ ಮಟ್ಟಿಗೆ ಇಳಿಸಿ ತಮಗೆ ಮತ್ತೆ ಬರೆಯುತ್ತೇನೆ.

ತಮ್ಮ ವಿಶ್ವಾಸಿ,
ಡೇಟಾಬೇಸ್ ಎಂಜಿನಿಯರ್