ಈ ತಿಂಗಳು ಇನ್ನೆಷ್ಟು ಸಲ ಕೈಕೊಡಬಹುದು?

‘ಸರ್ವರ್ ಡೌನ್ ಇದೆ, ಸ್ವಲ್ಪ ಹೊತ್ತು ಬಿಟ್ಟು ಬನ್ನಿ’ ಎಂಬ ಮಾತನ್ನು ಯಾವುದಾದರೊಂದು ಕೌಂಟರಿನ ಮುಂದೆ ನಿಂತು ಕೇಳದವರು ಕಡಿಮೆ. ಯಾವತ್ತೂ ಕೆಡದ ಹಾಗೆ ಇದನ್ನು ಮಾಡಲಿಕ್ಕೆ ಆಗುವುದಿಲ್ಲವೇ ಎಂದು ನಾವು ಗೊಣಗುತ್ತೇವೆ. ಇಂಥ ಸೇವೆಗಳನ್ನು ನಡೆಸುವ ಎಂಜಿನಿಯರುಗಳು ಅದೇ ಪ್ರಶ್ನೆಯನ್ನು ಬೇರೆ ತುದಿಯಿಂದ ಹಿಡಿಯುತ್ತಾರೆ: ತಿಂಗಳಿಗೆ ಎಷ್ಟು ಸಲ ಕೈಕೊಟ್ಟರೆ ಜನ ತಾಳಿಕೊಳ್ಳುತ್ತಾರೆ? ಗೂಗಲ್‌ನಲ್ಲಿ 2003ರಲ್ಲಿ ಬೆನ್ ಟ್ರೇನರ್ ಸ್ಲಾಸ್ ಕಟ್ಟಿದ ತಂಡದ ಕೆಲಸದಿಂದ ಬೆಳೆದು, 2016ರಲ್ಲಿ ಅದೇ ಕಂಪನಿಯ ಎಂಜಿನಿಯರುಗಳು ಬರೆದ ಪುಸ್ತಕದಿಂದ ಎಲ್ಲೆಡೆ ಹರಡಿದ ಲೆಕ್ಕ ಇದು. ಗುರಿಗೆ ಸರ್ವಿಸ್ ಲೆವೆಲ್ ಆಬ್ಜೆಕ್ಟಿವ್ ಎಂದು ಹೆಸರು, ಬಾಯಲ್ಲಿ ಎಸ್‌ಎಲ್‌ಒ. ಆ ಗುರಿಯೊಳಗೆ ತಪ್ಪಲು ಇರುವ ಅವಕಾಶವೇ ಎರರ್ ಬಜೆಟ್.

ಲೆಕ್ಕ ಮಾಡಿ ನೋಡಲು ಒಂದು ಬಸ್ ಟಿಕೆಟ್ ಬುಕಿಂಗ್ ತಾಣವನ್ನು ಕಲ್ಪಿಸಿಕೊಳ್ಳೋಣ. ಮೊದಲು ಏನನ್ನು ಎಣಿಸಬೇಕೆಂದು ತೀರ್ಮಾನವಾಗಬೇಕು. ಪ್ರಯಾಣಿಕ ‘ಸೀಟು ಕಾದಿರಿಸು’ ಎಂದು ಒತ್ತಿದಾಗಲೆಲ್ಲ ಸರ್ವರ್‌ಗೆ ಒಂದು ಕೋರಿಕೆ ಹೋಗುತ್ತದೆ. ಎರಡು ಸೆಕೆಂಡಿನೊಳಗೆ ಸರಿಯಾದ ಉತ್ತರ ಬಂದರೆ ಅದು ಒಳ್ಳೆಯದು. ಸರ್ವರ್ ತನ್ನದೇ ದೋಷದಿಂದ 500, 503ರಂಥ ಸಂಕೇತ ಕಳಿಸಿದರೆ ಅಥವಾ ಎರಡು ಸೆಕೆಂಡು ಮೀರಿದರೆ ಕೆಟ್ಟದ್ದು. ಪ್ರಯಾಣಿಕನೇ ಒಟಿಪಿ ತಪ್ಪಾಗಿ ಹೊಡೆದಿದ್ದರೆ ಅದು ಸೇವೆಯ ತಪ್ಪಲ್ಲ, ಈ ಖಾತೆಗೆ ಸೇರುವುದಿಲ್ಲ. ಒಟ್ಟು ಕೋರಿಕೆಗಳಲ್ಲಿ ಒಳ್ಳೆಯವು ಶೇಕಡಾ ಎಷ್ಟು ಎಂಬುದೇ ನಾವು ಅಳೆಯುವ ಪ್ರಮಾಣ.

ಗುರಿ ಎಷ್ಟಿರಬೇಕು? ಶೇ 100 ಎಂದು ಬರೆದಿಡುವುದು ಸುಲಭ. ಆದರೆ ಪ್ರಯಾಣಿಕನ ಮೊಬೈಲ್ ಸಿಗ್ನಲ್ಲೇ ಘಾಟಿಯಲ್ಲಿ ಹತ್ತು ಸಲ ಹೋಗಿ ಬರುವಾಗ, ಸರ್ವರ್ ಕಡೆಯ ಕೊನೆಯ ಕೂದಲೆಳೆಯಷ್ಟು ಸುಧಾರಣೆ ಅವನ ಗಮನಕ್ಕೇ ಬರುವುದಿಲ್ಲ. ಅದಕ್ಕೆ ತಗಲುವ ಖರ್ಚು ಮಾತ್ರ ಏರುತ್ತಲೇ ಹೋಗುತ್ತದೆ. ಆದ್ದರಿಂದ ಹಿಂದಿನ ಕೆಲವು ತಿಂಗಳು ಸೇವೆ ನಿಜಕ್ಕೂ ಹೇಗೆ ನಡೆದಿದೆ, ಯಾವ ಮಟ್ಟಕ್ಕೆ ಇಳಿದಾಗ ದೂರುಗಳು ಶುರುವಾದವು ಎಂದು ನೋಡಿ ಗುರಿ ಇಡುತ್ತಾರೆ. ನಮ್ಮ ತಾಣಕ್ಕೆ ಶೇ 99.5 ಎಂದಿಟ್ಟುಕೊಳ್ಳೋಣ. ಉಳಿದ ಅರ್ಧ ಶೇಕಡಾವೇ ಬಜೆಟ್. ಲೆಕ್ಕ ಎರಡೇ ಸಾಲಿನದು:

```
budget    = total * (1 - 0.995)
remaining = budget - bad
```

ಹಿಂದಿನ ಅನುಭವದ ಮೇಲೆ ಈ 30 ದಿನದ ತಿಂಗಳಲ್ಲಿ 20 ಲಕ್ಷ ಕೋರಿಕೆಗಳು ಬರುವ ಅಂದಾಜಿದೆ. ಅದರ ಅರ್ಧ ಶೇಕಡಾ ಎಂದರೆ 10,000. ತಿಂಗಳಿಡೀ ಅಷ್ಟು ಕೋರಿಕೆಗಳು ಕೆಟ್ಟರೂ ಗುರಿ ತಪ್ಪುವುದಿಲ್ಲ.

ಈಗ 18 ದಿನ ಕಳೆದಿವೆ. ಬಂದ ಕೋರಿಕೆ 12 ಲಕ್ಷ, ಕೆಟ್ಟದ್ದು 5,100. ಇದರಲ್ಲಿ 1,500 ದಿನವೂ ಅಲ್ಲೊಂದು ಇಲ್ಲೊಂದು ಸೋರಿದವು. ಉಳಿದ 3,600 ಒಂದೇ ಏಟಿಗೆ ಹೋದವು. ಹಬ್ಬದ ಹಿಂದಿನ ಶುಕ್ರವಾರ ಸಂಜೆ, ಊರಿಗೆ ಹೊರಟವರೆಲ್ಲ ಸೀಟಿಗೆ ಮುಗಿಬಿದ್ದ ಹೊತ್ತಿನಲ್ಲಿ, ಹೊಸದಾಗಿ ಏರಿಸಿದ ತಂತ್ರಾಂಶದಲ್ಲಿ ದೋಷ ಇತ್ತು. ಅದನ್ನು ಹಿಂತೆಗೆಯಲು 40 ನಿಮಿಷ ಹಿಡಿಯಿತು. ಆ 40 ನಿಮಿಷದಲ್ಲಿ ಬಂದ 6,000 ಕೋರಿಕೆಗಳಲ್ಲಿ ಶೇ 60 ಕೆಟ್ಟವು.

ತಿಂಗಳ ಬಜೆಟ್ಟಿನಲ್ಲಿ ಉಳಿದದ್ದು 10,000ದಲ್ಲಿ 5,100 ಕಳೆದು 4,900, ಅಂದರೆ ಶೇ 49. ತಿಂಗಳು ಶೇ 60ರಷ್ಟು ಕಳೆದಿದೆ, ಖರ್ಚಾದದ್ದು ಶೇ 51. ಖರ್ಚಿನ ವೇಗ 51 ಭಾಗಿಸು 60, ಅಂದರೆ 0.85. ಇದು 1ಕ್ಕಿಂತ ಕೆಳಗಿದ್ದರೆ ಇದೇ ನಡಿಗೆಯಲ್ಲಿ ತಿಂಗಳ ಕೊನೆಗೆ ಸ್ವಲ್ಪ ಉಳಿಯುತ್ತದೆ. 1 ದಾಟಿದರೆ ಸಂಬಳ ಇಪ್ಪತ್ತನೇ ತಾರೀಖಿಗೇ ಖಾಲಿಯಾಗುವ ಮನೆಯ ಹಾಗೆ.

ಕೆಲವರು ಇದನ್ನೇ ನಿಮಿಷಗಳಲ್ಲಿ ಲೆಕ್ಕ ಹಾಕುತ್ತಾರೆ. 30 ದಿನಕ್ಕೆ 43,200 ನಿಮಿಷ, ಅದರ ಅರ್ಧ ಶೇಕಡಾ 216. ಹಾಗೆ ನೋಡಿದರೆ ಶುಕ್ರವಾರದ 40 ನಿಮಿಷಕ್ಕೆ ತಗಲಿದ್ದು ಬಜೆಟ್ಟಿನ ಶೇ 18.5 ಮಾತ್ರ. ಕೋರಿಕೆಗಳ ಲೆಕ್ಕದಲ್ಲಿ ಅದು ಶೇ 36. ಅದೇ ದೋಷ ಬೆಳಗಿನ ಜಾವ ಮೂರಕ್ಕೆ, ಗಂಟೆಗೆ 200 ಕೋರಿಕೆಗಳಷ್ಟೇ ಬರುವ ಹೊತ್ತಿನಲ್ಲಿ ಆಗಿದ್ದರೆ ಕೆಡುತ್ತಿದ್ದದ್ದು ಸುಮಾರು 80. ಗಡಿಯಾರಕ್ಕೆ ಎರಡೂ 40 ನಿಮಿಷವೇ. ಜನ ಯಾವಾಗ ಬರುತ್ತಾರೆ ಎಂಬುದು ಅದಕ್ಕೆ ಗೊತ್ತಿಲ್ಲ. ಹೊತ್ತಿಗೊಂದು ದಟ್ಟಣೆ ಇರುವ ಸೇವೆಗಳಲ್ಲಿ ಕೋರಿಕೆಗಳನ್ನೇ ಎಣಿಸುವುದು ಈ ಕಾರಣಕ್ಕೆ.

ಹಾಗೆಂದು ಎಣಿಕೆ ಮೋಸ ಮಾಡುವುದಿಲ್ಲ ಎಂದೇನಿಲ್ಲ. ಸರ್ವರ್‌ನ ಬಾಗಿಲಲ್ಲಿ ಕೂತು ಎಣಿಸುತ್ತಿದ್ದೇವೆ ಎನ್ನಿ. ಅದಕ್ಕೂ ಮುಂಚೆ, ಕೋರಿಕೆಗಳನ್ನು ಹಂಚಿಕೊಡುವ ಲೋಡ್ ಬ್ಯಾಲೆನ್ಸರ್ರೇ ಮಲಗಿದರೆ ಕೋರಿಕೆಗಳು ಬಾಗಿಲಿಗೆ ಬರುವುದೇ ಇಲ್ಲ. ಕೆಟ್ಟದ್ದು ಸೊನ್ನೆ, ಪರದೆಯ ಮೇಲೆಲ್ಲ ಹಸಿರು, ಹೊರಗೆ ಜನ ಪರದಾಡುತ್ತಿರುತ್ತಾರೆ. ಇದನ್ನು ಹಿಡಿಯುವ ಗುರುತು ಒಟ್ಟು ಸಂಖ್ಯೆ. ಗಂಟೆಗೆ ಸಾವಿರಾರು ಬರುವ ಹೊತ್ತಿನಲ್ಲಿ ನೂರು ಬಂದಿದ್ದರೆ ಅನುಮಾನಪಡಬೇಕು. ಇದರ ತಿರುವುಮುರುವೂ ಉಂಟು. ಸರ್ವರ್ ಬದುಕಿದೆಯೇ ಎಂದು ಯಂತ್ರಗಳೇ ಕೆಲವು ಸೆಕೆಂಡಿಗೊಮ್ಮೆ ಕಳಿಸುವ ತಪಾಸಣೆಯ ಕೋರಿಕೆಗಳು ಖಾತೆಗೆ ನುಸುಳಿದರೆ ಒಟ್ಟು ಸಂಖ್ಯೆ ಉಬ್ಬುತ್ತದೆ, ಬಜೆಟ್ಟೂ ಪುಕ್ಕಟೆಯಾಗಿ ದೊಡ್ಡದಾಗುತ್ತದೆ.

ಮತ್ತೊಂದು ತೊಡಕು ಅಂದಾಜಿನದು. 20 ಲಕ್ಷ ಎಂಬುದು ಊಹೆ. ಹಬ್ಬ ಮುಗಿದು ದಟ್ಟಣೆ ಇಳಿದು ತಿಂಗಳ ಒಟ್ಟು 15 ಲಕ್ಷಕ್ಕೇ ನಿಂತರೆ ಬಜೆಟ್ 7,500ಕ್ಕೆ ಕುಗ್ಗುತ್ತದೆ, ಉಳಿಕೆ 4,900ರಿಂದ 2,400ಕ್ಕೆ ಬೀಳುತ್ತದೆ. ಹಾಗಾಗಿ ಅಂದಾಜನ್ನು ವಾರಕ್ಕೊಮ್ಮೆಯಾದರೂ ತಿದ್ದಬೇಕು.

ಉಳಿಕೆ ತುಂಬಿಯೇ ಇದ್ದರೂ ತೊಂದರೆ ಇದೆ ಎನ್ನುವುದು ವಿಚಿತ್ರ ಅನ್ನಿಸಬಹುದು. ಗೂಗಲ್‌ನ ಒಳಗೆ ಚಬ್ಬಿ ಎಂಬ ಸೇವೆ ಇದೆ. ಬೇರೆ ಅನೇಕ ವ್ಯವಸ್ಥೆಗಳು ಅದನ್ನು ಆತುಕೊಂಡಿವೆ. ಅದು ಎಷ್ಟು ಅಪರೂಪಕ್ಕೆ ಕೆಡುತ್ತಿತ್ತೆಂದರೆ, ಇದು ಕೆಡುವುದೇ ಇಲ್ಲ ಎಂದು ನಂಬಿ ಜನ ತಂತ್ರಾಂಶ ಬರೆಯತೊಡಗಿದರು. ನಿಜವಾಗಿ ಕೆಟ್ಟ ದಿನ ಅವೆಲ್ಲ ಒಟ್ಟಿಗೆ ಮಗುಚಿದವು. ಕೊನೆಗೆ ಒಂದು ತ್ರೈಮಾಸಿಕದಲ್ಲಿ ತಾನಾಗಿ ಗುರಿಯ ಕೆಳಗೆ ಇಳಿಯದಿದ್ದರೆ ತಂಡವೇ ಅದನ್ನು ಬೇಕೆಂದು ಸ್ವಲ್ಪ ಹೊತ್ತು ನಿಲ್ಲಿಸುವ ಪದ್ಧತಿ ಬಂತು.

ನಮ್ಮ ತಾಣಕ್ಕೆ ಅಂಥ ಐಷಾರಾಮ ಇಲ್ಲ. ಕೈಯಲ್ಲಿರುವುದು 4,900, ಇನ್ನೂ 12 ದಿನ ಇವೆ. ದಿನಕ್ಕೆ ಸುಮಾರು 83ರಂತೆ ಸೋರುವುದಕ್ಕೆ 1,000 ತೆಗೆದಿಟ್ಟರೆ ಉಳಿಯುವುದು 3,900. ಕಳೆದ ಶುಕ್ರವಾರದಂಥದ್ದು ಇನ್ನೊಂದು ಬಂದರೆ ತಡೆದುಕೊಳ್ಳಬಹುದು, ಎರಡು ಬಂದರೆ ಆಗದು. ಅಷ್ಟರಲ್ಲಿ ಹಣ ಪಾವತಿಯ ಪುಟಕ್ಕೆ ಹೊಸ ತಂತ್ರಾಂಶ ಏರಿಸಬೇಕು ಎಂಬ ಒತ್ತಾಯ ಬಂದಿದೆ. ಎಲ್ಲರಿಗೂ ಒಮ್ಮೆಗೇ ಕೊಟ್ಟು, ಅದೇ ಪ್ರಮಾಣದಲ್ಲಿ ಅದೇ 40 ನಿಮಿಷ ಕೆಟ್ಟರೆ ಮತ್ತೆ 3,600 ಹೋಗುತ್ತವೆ. ಮೊದಲು ನೂರಕ್ಕೆ ಐದು ಪ್ರಯಾಣಿಕರಿಗೆ ಮಾತ್ರ ಕೊಟ್ಟರೆ ಆ ಹೊತ್ತಿನಲ್ಲಿ ಹೊಸ ಪುಟ ತಲುಪುವ ಕೋರಿಕೆಗಳು 300, ಕೆಡುವುದು 180. ಹೊಸ ತಂತ್ರಾಂಶ ಬೇಕೋ ಬೇಡವೋ ಎಂದು ಎರಡು ತಂಡಗಳು ಗಂಟೆಗಟ್ಟಲೆ ಜಗಳವಾಡುವ ಬದಲು, ನೂರಕ್ಕೆ ಐದರಿಂದ ಶುರುಮಾಡಿ ಮರುದಿನದ ಉಳಿಕೆ ನೋಡಿ ಮುಂದಿನ ಹೆಜ್ಜೆ ಇಡುತ್ತವೆ.